‘ನಾಲ್ಕನೇ ಹಂತ’ ಅಂದ ತಕ್ಷಣ ಎಲ್ಲ ಮುಗಿಯಿತೇ? ನ್ಯೂರೋಎಂಡೋಕ್ರೈನ್ ಗಡ್ಡೆಯ ರಿಪೋರ್ಟಿನಲ್ಲಿ ನೋಡಬೇಕಾದ ಇನ್ನೊಂದು ಸಂಖ್ಯೆ

‘ಸಾಯುವ ಮುನ್ನ ಸ್ಟೀವ್ ಜಾಬ್ಸ್ ಹೇಳಿದ ಕೊನೆಯ ಮಾತುಗಳು’ ಎಂಬ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಎಷ್ಟು ದುಡ್ಡಿದ್ದರೇನು, ಕ್ಯಾನ್ಸರ್ ಮುಂದೆ ಎಲ್ಲರೂ ಒಂದೇ ಎಂಬ ಅರ್ಥದ ಉದ್ದನೆಯ ಬರಹ ಅದು. ಅದನ್ನು ಜಾಬ್ಸ್ ಬರೆದಿಲ್ಲ, ಹೇಳಿಯೂ ಇಲ್ಲ. ಅದಿರಲಿ. ಆ ಫಾರ್ವರ್ಡಿನಲ್ಲಿ ಇನ್ನೊಂದು ತಪ್ಪಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಅವರಿಗಿದ್ದದ್ದು ‘ಪ್ಯಾಂಕ್ರಿಯಾಸ್ ಕ್ಯಾನ್ಸರ್’ ಎಂದು ಬರೆದು ಮುಗಿಸಿರುತ್ತಾರೆ.

ನಾವು ಸಾಮಾನ್ಯವಾಗಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎನ್ನುವ ಕಾಯಿಲೆ ಬಹಳ ಬೇಗ ಹಬ್ಬುತ್ತದೆ. ಅಮೆರಿಕದ ಲೆಕ್ಕದಲ್ಲೂ ಪತ್ತೆಯಾದ ಮೇಲೆ ಐದು ವರ್ಷ ಬದುಕುವವರು ನೂರಕ್ಕೆ 15 ಮಂದಿಯನ್ನು ದಾಟುವುದಿಲ್ಲ. ಜಾಬ್ಸ್ ಅವರ ಗಡ್ಡೆ ಪತ್ತೆಯಾದದ್ದು 2003ರಲ್ಲಿ. 2004ರಲ್ಲಿ ಆಪರೇಷನ್ ಆಯಿತು, 2009ರಲ್ಲಿ ಲಿವರ್ ಕಸಿ ಆಯಿತು, 2011ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅಂದರೆ ಎಂಟು ವರ್ಷ. ಕಾರಣ, ಅವರಿಗಿದ್ದದ್ದು ಅದೇ ಅಂಗದಲ್ಲಿ ಹುಟ್ಟುವ ಬೇರೆಯದೇ ಕಾಯಿಲೆ: ನ್ಯೂರೋಎಂಡೋಕ್ರೈನ್ ಗಡ್ಡೆ. 2018ರಲ್ಲಿ ನಟ ಇರ್ಫಾನ್ ಖಾನ್ ತಮಗೂ ಇದೇ ಗುಂಪಿನ ಕಾಯಿಲೆ ಇದೆಯೆಂದು ತಿಳಿಸಿದಾಗ ನಮ್ಮಲ್ಲಿ ಅನೇಕರು ಈ ಹೆಸರನ್ನು ಮೊದಲ ಸಲ ಕೇಳಿದರು. ಅವರು 2020ರ ಏಪ್ರಿಲಿನಲ್ಲಿ ತೀರಿಕೊಂಡರು.

ಹೆಸರು ಒಂದೇ. ಆದರೆ ಕೆಲವರಲ್ಲಿ ಈ ಕಾಯಿಲೆ ಹತ್ತಾರು ವರ್ಷ ನಿಧಾನವಾಗಿ ಸಾಗುತ್ತದೆ, ಇನ್ನು ಕೆಲವರಲ್ಲಿ ತಿಂಗಳುಗಳಲ್ಲೇ ಹರಡುತ್ತದೆ. ಯಾರದು ಯಾವ ಬಗೆ ಎಂದು ಡಾಕ್ಟರು ಊಹೆಯಿಂದ ಹೇಳುವುದಿಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ಅದಕ್ಕೊಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಎಲ್ಲಿಂದ ಬರುತ್ತದೆ, ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದೇ ಈ ಲೇಖನ.

‘ನ್ಯೂರೋ’ ಅಂದರೆ ಮೆದುಳಿನ ಗಡ್ಡೆ ಅಲ್ಲ

ನಮ್ಮ ಕರುಳು, ಜಠರ, ಪ್ಯಾಂಕ್ರಿಯಾಸ್, ಶ್ವಾಸಕೋಶಗಳ ಒಳಪದರದಲ್ಲಿ ಒಂದು ವಿಶೇಷ ಬಗೆಯ ಜೀವಕೋಶಗಳು ಅಲ್ಲಲ್ಲಿ ಚದುರಿಕೊಂಡಿವೆ. ನರಕೋಶಗಳಂತೆ ಇವು ಸಂದೇಶ ಪಡೆಯುತ್ತವೆ, ಗ್ರಂಥಿಗಳಂತೆ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಎರಡು ಗುಣ ಸೇರಿರುವುದರಿಂದಲೇ ‘ನ್ಯೂರೋ’ ಮತ್ತು ‘ಎಂಡೋಕ್ರೈನ್’ ಎಂಬ ಎರಡು ಪದ ಜೋಡಿಸಿದ ಹೆಸರು. ಊಟ ಹೊಟ್ಟೆಗೆ ಬಿದ್ದಾಗ ಆಮ್ಲ ಎಷ್ಟು ಬೇಕು, ಇನ್ಸುಲಿನ್ ಎಷ್ಟು ಬೇಕು, ಕರುಳು ಎಷ್ಟು ಬೇಗ ಚಲಿಸಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಈ ಕೋಶಗಳು.

ಈ ಕೋಶಗಳಲ್ಲಿ ಹುಟ್ಟುವ ಗಡ್ಡೆಯೇ ನ್ಯೂರೋಎಂಡೋಕ್ರೈನ್ ಗಡ್ಡೆ. 1907ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಸಣ್ಣ ಕರುಳಿನ ಇಂಥ ಗಡ್ಡೆಗಳಿಗೆ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟರು. ಅಂದರೆ ಕ್ಯಾನ್ಸರಿನಂತೆ ಕಾಣುವುದು, ಆದರೆ ಅಷ್ಟು ಕೆಟ್ಟದ್ದಲ್ಲ ಎಂಬರ್ಥ. ಇವೂ ಹರಡಬಲ್ಲವು ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಆದರೆ ‘ಇದು ನಿಜವಾದ ಕ್ಯಾನ್ಸರ್ ಅಲ್ಲ’ ಎಂಬ ಮಾತು ಮಾತ್ರ ನೂರು ವರ್ಷ ಕಳೆದರೂ ಉಳಿದುಕೊಂಡಿದೆ.

ಹಾರ್ಮೋನ್ ಕೊಡುವ ಸುಳಿವು

ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ತೊಂದರೆ ಕೊಡುವಷ್ಟು ಹಾರ್ಮೋನ್ ಬಿಡುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತವೆ. ಹಾರ್ಮೋನ್ ಬಿಡುವ ಗಡ್ಡೆಗಳು ಮಾತ್ರ ವಿಚಿತ್ರ ಲಕ್ಷಣಗಳನ್ನು ತೋರಿಸುತ್ತವೆ. ಗಡ್ಡೆ ಕಡಲೆಕಾಳಿನಷ್ಟೇ ಇದ್ದರೂ ಅದರ ಹಾರ್ಮೋನ್ ಇಡೀ ದೇಹವನ್ನು ಕಾಡಬಲ್ಲದು.

ಇನ್ಸುಲಿನೋಮ ಎಂಬುದನ್ನು ನೋಡಿ. ಪ್ಯಾಂಕ್ರಿಯಾಸಿನಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಗಡ್ಡೆ ಇದು. ಹೊಟ್ಟೆ ಖಾಲಿ ಇದ್ದಾಗಲೂ ಇನ್ಸುಲಿನ್ ಬಿಡುತ್ತಲೇ ಇರುತ್ತದೆ. ಬೆಳಗಿನ ಜಾವ, ಉಪವಾಸದ ದಿನ ಅಥವಾ ಊಟ ತಪ್ಪಿದಾಗ ಸಕ್ಕರೆ ಅಂಶ ಕುಸಿಯುತ್ತದೆ. ಬೆವರು, ನಡುಕ, ತಲೆ ಮಂಕಾಗುವುದು, ಅರ್ಥವಿಲ್ಲದ ಮಾತು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಒಂದು ಲೋಟ ಸಕ್ಕರೆ ನೀರು ಕುಡಿಸಿದರೆ ಸ್ವಲ್ಪ ಹೊತ್ತಿಗೆ ಸರಿಯಾಗಿ ಎದ್ದು ಕೂರುತ್ತಾರೆ. ಇಂಥವರನ್ನು ಮೂರ್ಛೆರೋಗ ಎಂದೋ ಮಾನಸಿಕ ಕಾಯಿಲೆ ಎಂದೋ ವರ್ಷಗಟ್ಟಲೆ ನೋಡಿದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ದೇವರು ಮೈಮೇಲೆ ಬಂತು, ಗಾಳಿ ಸೋಕಿತು ಎನ್ನುವ ಮೊದಲು ಆ ಕ್ಷಣದಲ್ಲೇ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡುವುದು ಎಷ್ಟೋ ವರ್ಷಗಳ ಅಲೆದಾಟ ಉಳಿಸಬಹುದು. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳದವರಲ್ಲಿ ಲಕ್ಷಣಗಳ ಜೊತೆಗೆ ಸಕ್ಕರೆ 55 ಮಿಲಿಗ್ರಾಂಗಿಂತ ಕೆಳಗಿದ್ದರೆ ಅದನ್ನು ಪೂರ್ತಿ ಪರೀಕ್ಷಿಸಲೇಬೇಕು. ಇನ್ಸುಲಿನೋಮಗಳಲ್ಲಿ ಹೆಚ್ಚಿನವು ಹರಡದ ಗಡ್ಡೆಗಳು, ಆಪರೇಷನ್ನಿನಿಂದ ಗುಣವಾಗುತ್ತವೆ.

ಇನ್ನೊಂದು ಬಗೆ ಗ್ಯಾಸ್ಟ್ರಿನೋಮ. ಜಠರದ ಆಮ್ಲ ಉಕ್ಕುವಂತೆ ಮಾಡುತ್ತದೆ, ಹುಣ್ಣು ಮತ್ತೆ ಮತ್ತೆ ಆಗುತ್ತದೆ. ಅದಕ್ಕಿಂತ ಹೆಚ್ಚು ಗೊಂದಲ ಮಾಡುವುದು ಸೆರೊಟೋನಿನ್ ಬಿಡುವ ಸಣ್ಣ ಕರುಳಿನ ಗಡ್ಡೆ. ಅದನ್ನು ಒಬ್ಬರ ಉದಾಹರಣೆಯಿಂದಲೇ ನೋಡೋಣ.

ಒಬ್ಬ ಟೀಚರ್ ಕಥೆ

ಇದು ಯಾರೋ ಒಬ್ಬರ ಕೇಸ್ ಅಲ್ಲ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಆಗುವುದನ್ನು ಸೇರಿಸಿ ವಿವರಿಸಲೆಂದು ಕಟ್ಟಿದ ಉದಾಹರಣೆ.

ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನಲ್ಲಿ 53 ವರ್ಷದ ಒಬ್ಬ ಟೀಚರ್ ಇದ್ದಾರೆ ಎಂದುಕೊಳ್ಳಿ. ಅವರಿಗೆ ಆಗಾಗ ಮುಖ, ಕುತ್ತಿಗೆ, ಎದೆಯ ಮೇಲ್ಭಾಗ ಇದ್ದಕ್ಕಿದ್ದಂತೆ ಕೆಂಪೇರಿ ಬಿಸಿಯಾಗುತ್ತದೆ. ನಾಲ್ಕೈದು ನಿಮಿಷಕ್ಕೆ ಇಳಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸು, ಹೀಗಾಗುವುದು ಸಹಜ ಎಂದರು ಎಲ್ಲರೂ. ಜೊತೆಗೆ ದಿನಕ್ಕೆ ಐದಾರು ಸಲ ಭೇದಿ. ಅದಕ್ಕೆ ಬೇರೆ ಡಾಕ್ಟರರ ಬಳಿ ಹೋದರು. ಟೆನ್ಶನ್ನಿನಿಂದ ಕರುಳು ಕೆಡುವ ಐಬಿಎಸ್ ಎಂದು ಮಾತ್ರೆ ಕೊಟ್ಟರು. ಎರಡು ತೊಂದರೆ, ಇಬ್ಬರು ಡಾಕ್ಟರು, ಎರಡು ಚೀಟಿ. ಎರಡೂ ಒಂದೇ ಕಾಯಿಲೆಯ ಎರಡು ತುದಿಗಳಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಹೀಗೇ ಮೂರು ವರ್ಷ ಕಳೆಯಿತು.

ಗಮನಿಸಬೇಕಾದ ಎರಡು ವ್ಯತ್ಯಾಸಗಳು ಅವರ ಮಾತಿನಲ್ಲೇ ಇದ್ದವು. ಮುಟ್ಟು ನಿಲ್ಲುವಾಗಿನ ಬಿಸಿ ಏರಿಕೆಯಲ್ಲಿ ಸಾಮಾನ್ಯವಾಗಿ ಮೈ ಬೆವರುತ್ತದೆ. ಈ ಗಡ್ಡೆಯಿಂದ ಬರುವ ಕೆಂಪಿನಲ್ಲಿ ಹೆಚ್ಚಾಗಿ ಬೆವರು ಇರುವುದಿಲ್ಲ, ಚರ್ಮ ಒಣಗಿಯೇ ಇರುತ್ತದೆ. ಐಬಿಎಸ್ ಇರುವವರಿಗೆ ನಿದ್ದೆಯಲ್ಲಿ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಟೀಚರಿಗೆ ಮಾತ್ರ ರಾತ್ರಿ ಎರಡು ಗಂಟೆಗೂ ಎದ್ದು ಓಡಬೇಕಾಗುತ್ತಿತ್ತು, ಏಕಾದಶಿ ಉಪವಾಸದ ದಿನವೂ ಭೇದಿ ನಿಲ್ಲುತ್ತಿರಲಿಲ್ಲ. ಒಂದೊಂದೇ ಲಕ್ಷಣ ಇದ್ದಾಗ ಸಾಮಾನ್ಯ ಕಾರಣಗಳೇ ಹೆಚ್ಚು. ಆದರೆ ಒಣ ಕೆಂಪು ಮತ್ತು ರಾತ್ರಿಯೂ ನಿಲ್ಲದ ಭೇದಿ ಒಟ್ಟಿಗೆ ಇದ್ದರೆ ಎರಡನ್ನೂ ಒಬ್ಬರೇ ಡಾಕ್ಟರಿಗೆ ಹೇಳಬೇಕು.

ಕೊನೆಗೆ ತೂಕ ಆರು ಕೆಜಿ ಇಳಿದಾಗ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಲಿವರಿನಲ್ಲಿ ನಾಲ್ಕೈದು ಗಂಟುಗಳು ಕಂಡವು.

ಲಿವರಿಗೆ ಹರಡುವವರೆಗೆ ಲಕ್ಷಣ ಏಕೆ ಕಾಣಲಿಲ್ಲ?

ಕರುಳಿನಿಂದ ಹೊರಡುವ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರಿಗೆ ಹೋಗುತ್ತದೆ. ಕರುಳಿನ ಗಡ್ಡೆ ಬಿಡುವ ಸೆರೊಟೋನಿನ್ ಮುಂತಾದ ವಸ್ತುಗಳನ್ನು ಲಿವರ್ ಅಲ್ಲಿಯೇ ಒಡೆದು ಹಾಕುತ್ತದೆ. ಹಾಗಾಗಿ ಗಡ್ಡೆ ಕರುಳಿನಲ್ಲಷ್ಟೇ ಇರುವವರೆಗೆ ಮುಖ ಕೆಂಪಾಗುವುದು ಅಪರೂಪ. ಗಡ್ಡೆ ಲಿವರಿಗೇ ಹರಡಿದರೆ ಅಲ್ಲಿಂದ ಬಿಡುವ ಹಾರ್ಮೋನ್ ಈ ಶುದ್ಧೀಕರಣ ತಪ್ಪಿಸಿಕೊಂಡು ನೇರವಾಗಿ ಹೃದಯ ಸೇರುತ್ತದೆ. ಕೆಂಪು, ಭೇದಿ, ಕೆಲವರಿಗೆ ಉಬ್ಬಸ, ಇವೆಲ್ಲ ಆಗ ಶುರುವಾಗುತ್ತವೆ. ಇದಕ್ಕೆ ಕಾರ್ಸಿನಾಯ್ಡ್ ಸಿಂಡ್ರೋಮ್ ಎನ್ನುತ್ತಾರೆ.

ಹೃದಯದ ಬಲಭಾಗಕ್ಕೆ ಈ ರಕ್ತ ಮೊದಲು ಬರುವುದರಿಂದ ಅಲ್ಲಿನ ಕವಾಟಗಳು ವರ್ಷಗಳು ಕಳೆದಂತೆ ದಪ್ಪಗಾಗಿ ಬಿಗಿಯುತ್ತವೆ. ಮುಂದೆ ಶ್ವಾಸಕೋಶಗಳಲ್ಲಿ ಸೆರೊಟೋನಿನ್ ಮತ್ತಷ್ಟು ಒಡೆಯುತ್ತದೆ, ಆದ್ದರಿಂದ ಎಡಭಾಗದ ಕವಾಟಗಳು ಹೆಚ್ಚಾಗಿ ಬಚಾವಾಗುತ್ತವೆ. ಈ ಕಾಯಿಲೆ ಇರುವವರಿಗೆ ಎದೆನೋವೇ ಇಲ್ಲದಿದ್ದರೂ ಎಕೋ ಮಾಡಿಸಲು ಹೇಳುವುದು ಇದಕ್ಕಾಗಿಯೇ.

ಬಾಳೆಹಣ್ಣು ಕೂಡ ಪರೀಕ್ಷೆಯ ದಾರಿ ತಪ್ಪಿಸಬಹುದು

ಸೆರೊಟೋನಿನ್ ಒಡೆದಾಗ 5-ಎಚ್‌ಐಎಎ ಎಂಬ ವಸ್ತುವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. 24 ಗಂಟೆಯ ಮೂತ್ರವನ್ನು ಪೂರ್ತಿ ಸಂಗ್ರಹಿಸಿ ಅದನ್ನು ಅಳೆಯುತ್ತಾರೆ. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 8ರಿಂದ 10 ಮಿಲಿಗ್ರಾಂ ಒಳಗೆ ಇರುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಮಿತಿ ಕೊಂಚ ಬದಲಾಗುತ್ತದೆ.

ನಮ್ಮ ಟೀಚರ್ ಮೊದಲ ಸಲ ಮೂತ್ರ ಕೊಟ್ಟಾಗ ಎಂದಿನಂತೆ ಊಟದ ಜೊತೆ ಬಾಳೆಹಣ್ಣು ತಿಂದಿದ್ದರು, ಟೊಮೆಟೊ ಸಾರು ಉಂಡಿದ್ದರು. ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟುಗಳಲ್ಲಿ ಸೆರೊಟೋನಿನ್ ಇರುತ್ತದೆ. ಗಡ್ಡೆ ಇಲ್ಲದವರಲ್ಲೂ ಇವು ಸಂಖ್ಯೆಯನ್ನು ಏರಿಸಬಲ್ಲವು. ಎರಡು ಮೂರು ದಿನ ಇವನ್ನು ಬಿಟ್ಟು ಮತ್ತೆ ಮೂತ್ರ ಕೊಟ್ಟರು. ಆಗಲೂ 62 ಮಿಲಿಗ್ರಾಂ ಬಂತು. ಈಗ ಅನುಮಾನ ಉಳಿಯಲಿಲ್ಲ.

ಇಂಥದ್ದೇ ಇನ್ನೊಂದು ಎಡವಟ್ಟು ಕ್ರೋಮೋಗ್ರಾನಿನ್-ಎ ಎಂಬ ರಕ್ತ ಪರೀಕ್ಷೆಯಲ್ಲಿ ಆಗುತ್ತದೆ. ನಮ್ಮಲ್ಲಿ ಗ್ಯಾಸ್ಟ್ರಿಕ್ ಎಂದು ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರು ತುಂಬಾ ಜನ. ಗಡ್ಡೆಯೇ ಇಲ್ಲದಿದ್ದರೂ ಆ ಮಾತ್ರೆ ಈ ಸಂಖ್ಯೆಯನ್ನು ಹಲವು ಪಟ್ಟು ಏರಿಸಬಲ್ಲದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಗ್ಯಾಸ್ಟ್ರಿನೋಮ ಇರುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಹುಣ್ಣು ಒಡೆದು ರಕ್ತಸ್ರಾವ ಆಗಬಹುದು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರಿಗೆ ಹೇಳಿ, ನಿರ್ಧಾರ ಅವರಿಗೆ ಬಿಡಿ. ಇವೆರಡೂ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನಲ್ಲಿ ಸುಮ್ಮನೆ ಮಾಡಿಸುವ ಪರೀಕ್ಷೆಗಳಲ್ಲ.

ಕೆಐ-67: ಗಡ್ಡೆ ಎಷ್ಟು ಬೇಗ ಬೆಳೆಯುತ್ತಿದೆ?

ಟೀಚರಿನ ಲಿವರಿನಿಂದ ಸೂಜಿಯಲ್ಲಿ ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಮನೆಯವರ ಕಣ್ಣಿಗೆ ಬಿದ್ದದ್ದು ‘ಲಿವರಿಗೆ ಹರಡಿದೆ’ ಎಂಬ ಒಂದೇ ಸಾಲು. ಅಂದರೆ ನಾಲ್ಕನೇ ಹಂತ. ಅಕ್ಕಪಕ್ಕದವರು ಆಗಲೇ ಕೊನೆಯ ದಿನಗಳ ಬಗ್ಗೆ ಮಾತಾಡತೊಡಗಿದರು. ರಿಪೋರ್ಟಿನ ಕೆಳಗೆ ಇನ್ನೊಂದು ಸಾಲು ಇತ್ತು: ಕೆಐ-67, ಶೇ. 4.2. ಗ್ರೇಡ್ 2.

ಹಂತ ಬೇರೆ, ಗ್ರೇಡ್ ಬೇರೆ. ಗಡ್ಡೆ ಎಲ್ಲೆಲ್ಲಿ ತಲುಪಿದೆ ಎನ್ನುವುದು ಹಂತ. ಅದು ಎಷ್ಟು ವೇಗವಾಗಿ ಬೆಳೆಯುತ್ತಿದೆ ಎನ್ನುವುದು ಗ್ರೇಡ್. ಮೈಸೂರಿನಿಂದ ಹೊರಟ ಎರಡು ಗಾಡಿಗಳು ಮಂಡ್ಯದಲ್ಲಿ ನಿಂತಿವೆ ಎಂದುಕೊಳ್ಳಿ. ಒಂದು ಎತ್ತಿನ ಗಾಡಿ, ಇನ್ನೊಂದು ಕಾರು. ಇಬ್ಬರೂ ತಲುಪಿದ ಊರು ಒಂದೇ. ಆದರೆ ಬೆಂಗಳೂರು ಮುಟ್ಟಲು ಯಾರಿಗೆ ಎಷ್ಟು ಹೊತ್ತು ಬೇಕು ಎಂಬುದು ಊರಿನ ಹೆಸರಿನಿಂದ ಗೊತ್ತಾಗುವುದಿಲ್ಲ. ನ್ಯೂರೋಎಂಡೋಕ್ರೈನ್ ಗಡ್ಡೆಗಳಲ್ಲಿ ಈ ವೇಗದ ವ್ಯತ್ಯಾಸ ಬಹಳ ದೊಡ್ಡದು.

ಜೀವಕೋಶ ಎರಡಾಗುವ ತಯಾರಿಯಲ್ಲಿದ್ದಾಗ ಅದರ ಕೇಂದ್ರದಲ್ಲಿ ಒಂದು ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಕೋಶ ಸುಮ್ಮನೆ ವಿಶ್ರಾಂತಿಯಲ್ಲಿದ್ದರೆ ಅದು ಇರುವುದಿಲ್ಲ. ಜರ್ಮನಿಯ ಕೀಲ್ ನಗರದಲ್ಲಿ ಯೋಹಾನಸ್ ಗೆರ್ಡೆಸ್ ಮತ್ತು ಜೊತೆಗಾರರು ಇದನ್ನು ಗುರುತಿಸುವ ಪ್ರತಿಕಾಯವನ್ನು ಕಂಡುಹಿಡಿದು 1983ರಲ್ಲಿ ಪ್ರಕಟಿಸಿದರು. ಕೀಲ್ ಊರಿನ ಹೆಸರಿನ ಮೊದಲ ಎರಡು ಅಕ್ಷರ, ಪ್ರಯೋಗದ ತಟ್ಟೆಯಲ್ಲಿ ಅದು ಸಿಕ್ಕ 67ನೇ ಗುಳಿಯ ಸಂಖ್ಯೆ, ಎರಡೂ ಸೇರಿ ಈ ಹೆಸರಾಯಿತು. ಅದರಲ್ಲಿ 67 ಎಂಬುದು ನಿಮ್ಮ ಫಲಿತಾಂಶ ಅಲ್ಲ. ಎಲ್ಲರ ರಿಪೋರ್ಟಿನಲ್ಲೂ ಅದು ಇರುತ್ತದೆ. ನೋಡಬೇಕಾದದ್ದು ಅದರ ಮುಂದೆ ಶೇಕಡಾ ಎಷ್ಟು ಎಂದು ಬರೆದಿದೆ ಎಂಬುದನ್ನು.

ಎಣಿಸುವುದು ಹೇಗೆ?

ಗಡ್ಡೆಯ ತೆಳು ಪದರಕ್ಕೆ ಬಣ್ಣ ಹಾಕಿದಾಗ ವಿಭಜನೆಯ ತಯಾರಿಯಲ್ಲಿರುವ ಕೋಶಗಳ ಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಉಳಿದವು ನೀಲಿಯಾಗಿರುತ್ತವೆ. ಕಂದು ಚುಕ್ಕೆಗಳು ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಹಾಗಾಗಿ ರೋಗಶಾಸ್ತ್ರಜ್ಞರು ಮೊದಲು ಪೂರ್ತಿ ಸ್ಲೈಡ್ ನೋಡಿ, ಕಂದು ಹೆಚ್ಚು ಸೇರಿಕೊಂಡಿರುವ ಜಾಗವನ್ನು ಹುಡುಕುತ್ತಾರೆ. ಅಲ್ಲಿ ಕನಿಷ್ಠ 500 ಕೋಶಗಳನ್ನು ಎಣಿಸುತ್ತಾರೆ.

ಟೀಚರಿನ ಸ್ಲೈಡಿನಲ್ಲಿ 1,000 ಕೋಶ ಎಣಿಸಿದರು. 42 ಕಂದಾಗಿದ್ದವು. ಅದೇ ಶೇ. 4.2. ಅಲ್ಲಲ್ಲಿ ನೋಡಿ ಒಟ್ಟು ಸರಾಸರಿ ತೆಗೆದಿದ್ದರೆ ಶೇ. 2ರ ಹತ್ತಿರ ಬರುತ್ತಿತ್ತು, ಗ್ರೇಡ್ 1 ಎಂದು ಬರೆಯಬೇಕಾಗುತ್ತಿತ್ತು. ಅತಿ ವೇಗದ ಭಾಗವೇ ಮುಂದೆ ಕಾಯಿಲೆಯನ್ನು ನಡೆಸುವುದರಿಂದ ಅಲ್ಲಿಯೇ ಎಣಿಸಬೇಕೆಂಬುದು ನಿಯಮ.

ಇದರ ಜೊತೆಗೆ ಆ ಕ್ಷಣದಲ್ಲಿ ನಿಜವಾಗಿ ಎರಡಾಗುತ್ತಿರುವ ಕೋಶಗಳನ್ನೂ ಬೇರೆಯಾಗಿ ಎಣಿಸುತ್ತಾರೆ. ಟೀಚರಿನಲ್ಲಿ ಅದು 2 ಚದರ ಮಿಲಿಮೀಟರಿಗೆ ಒಂದೇ ಇತ್ತು. ಆ ಲೆಕ್ಕದಲ್ಲಿ ಗ್ರೇಡ್ 1. ಎರಡು ಎಣಿಕೆ ಬೇರೆ ಬೇರೆ ಗ್ರೇಡ್ ಹೇಳಿದರೆ ಮೇಲಿನದನ್ನೇ ತೆಗೆದುಕೊಳ್ಳಬೇಕು. ಹಾಗಾಗಿ ಗ್ರೇಡ್ 2.

ಜೀರ್ಣಾಂಗಗಳ ಗಡ್ಡೆಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣ ಹೀಗಿದೆ:

- ಗ್ರೇಡ್ 1: ಕೆಐ-67 ಶೇ. 3ಕ್ಕಿಂತ ಕಡಿಮೆ.
- ಗ್ರೇಡ್ 2: ಶೇ. 3ರಿಂದ 20.
- ಗ್ರೇಡ್ 3: ಶೇ. 20ಕ್ಕಿಂತ ಹೆಚ್ಚು.

ಶ್ವಾಸಕೋಶದ ಗಡ್ಡೆಗೆ ಇದೇ ಪಟ್ಟಿ ಹೊಂದುವುದಿಲ್ಲ. ಅಲ್ಲಿ ಮುಖ್ಯವಾಗಿ ಎರಡಾಗುತ್ತಿರುವ ಕೋಶಗಳ ಎಣಿಕೆ ಮತ್ತು ಸತ್ತ ಕೋಶಗಳ ಗುಂಪು ಇದೆಯೇ ಎಂಬುದನ್ನು ನೋಡುತ್ತಾರೆ. ಕರುಳಿನ ಗಡ್ಡೆಯವರ ಗ್ರೇಡನ್ನು ಶ್ವಾಸಕೋಶದ ಗಡ್ಡೆಯವರಿಗೆ ಹೋಲಿಸಿ ಫಾರ್ವರ್ಡ್ ಮಾಡಿದರೆ ಇಬ್ಬರಿಗೂ ತಪ್ಪು ಮಾಹಿತಿ ಹೋಗುತ್ತದೆ.

ಶೇ. 20 ದಾಟಿದರೆ ಇನ್ನೊಂದು ಪ್ರಶ್ನೆ ಇದೆ

ಸಂಖ್ಯೆ ಶೇ. 20ಕ್ಕಿಂತ ಮೇಲಿದ್ದಾಗ ಅದೊಂದೇ ಸಾಲದು, ಕೋಶಗಳ ರೂಪವೂ ಬೇಕು. ಕೋಶಗಳು ಇನ್ನೂ ಮೂಲ ನ್ಯೂರೋಎಂಡೋಕ್ರೈನ್ ಕೋಶಗಳನ್ನು ಹೋಲುವಂತೆ ಗುಂಪಾಗಿ ಜೋಡಿಸಿಕೊಂಡಿದ್ದರೆ ಅದು ಗ್ರೇಡ್ 3 ಗಡ್ಡೆ. ರೂಪವೇ ಕೆಟ್ಟು, ಸಣ್ಣ ಅಥವಾ ದೊಡ್ಡ ವಿಕಾರ ಕೋಶಗಳ ರಾಶಿಯಾಗಿದ್ದರೆ ಅದಕ್ಕೆ ನ್ಯೂರೋಎಂಡೋಕ್ರೈನ್ ಕಾರ್ಸಿನೋಮ ಎನ್ನುತ್ತಾರೆ. ಅದರಲ್ಲಿ ಕೆಐ-67 ಎಷ್ಟೋ ಸಲ ಶೇ. 70, 80, 90 ಇರುತ್ತದೆ.

ಹೆಸರಿನಲ್ಲಿ ‘ಗಡ್ಡೆ’, ‘ಕಾರ್ಸಿನೋಮ’ ಎಂಬ ಒಂದು ಪದದ ವ್ಯತ್ಯಾಸ ಅಷ್ಟೇ. ಆದರೆ ಚಿಕಿತ್ಸೆ ಪೂರ್ತಿ ಬೇರೆ. ಕಾರ್ಸಿನೋಮಕ್ಕೆ ಪ್ಲಾಟಿನಮ್ ಬಗೆಯ ಔಷಧಿ ಮತ್ತು ಎಟೊಪೊಸೈಡ್ ಸೇರಿದ ಕೀಮೋ ಬೇಗ ಶುರುಮಾಡಬೇಕು, ಕಾಯುವಂತಿಲ್ಲ. ‘ನಮ್ಮ ಪರಿಚಯದವರಿಗೂ ನ್ಯೂರೋಎಂಡೋಕ್ರೈನ್ ಇತ್ತು, ತಿಂಗಳಿಗೊಂದು ಇಂಜೆಕ್ಷನ್ ಸಾಕಾಯಿತು’ ಎಂಬ ಒಳ್ಳೆಯ ಮನಸ್ಸಿನ ಮಾತು ಇಲ್ಲಿ ಅಪಾಯ ತರಬಹುದು. ಅದೇ ರೀತಿ ಶೇ. 2 ಇರುವವರಿಗೆ ಶೇ. 80 ಇರುವವರ ಕಥೆ ಹೇಳಿ ಹೆದರಿಸುವುದೂ ತಪ್ಪು.

ಈ ಸಂಖ್ಯೆ ಏನನ್ನು ಹೇಳುವುದಿಲ್ಲ?

ಶೇ. 4.2 ಎಂದರೆ ದೇಹದ ಶೇ. 4.2 ಭಾಗಕ್ಕೆ ಕ್ಯಾನ್ಸರ್ ಬಂದಿದೆ ಎಂದಲ್ಲ. ಬದುಕುವ ಸಾಧ್ಯತೆ ಶೇ. 4.2 ಎಂದೂ ಅಲ್ಲ. ರಿಪೋರ್ಟ್ ಕೈಗೆ ಸಿಕ್ಕಾಗ ಮನೆಯವರು ಹೀಗೆ ಓದಿಕೊಂಡು ಕುಸಿಯುವುದುಂಟು. ಗಡ್ಡೆಯ ನೂರು ಕೋಶಗಳಲ್ಲಿ ನಾಲ್ಕು ಮಾತ್ರ ವಿಭಜನೆಯ ತಯಾರಿಯಲ್ಲಿವೆ ಎಂದಷ್ಟೇ ಅದರ ಅರ್ಥ.

ಗ್ರೇಡ್ 1 ಎಂದರೆ ಹರಡುವುದಿಲ್ಲ ಎಂಬ ಭರವಸೆಯೂ ಅಲ್ಲ. ಸಣ್ಣ ಕರುಳಿನ ಗಡ್ಡೆಗಳು ಹೆಚ್ಚಾಗಿ ಗ್ರೇಡ್ 1 ಇದ್ದೂ ಲಿವರಿಗೆ ಹೋಗುತ್ತವೆ. ನಿಧಾನವಾಗಿ ಹೋಗುತ್ತವೆ, ಅಷ್ಟೇ.

ಎಣಿಕೆಯಲ್ಲೂ ಎಡವಬಹುದು. ಗಡ್ಡೆಯ ನಡುವೆ ಸೇರಿಕೊಂಡ ಬಿಳಿ ರಕ್ತಕೋಶಗಳೂ ಕಂದಾಗುತ್ತವೆ, ಅವನ್ನೂ ಸೇರಿಸಿದರೆ ಸಂಖ್ಯೆ ಸುಳ್ಳೇ ಏರುತ್ತದೆ. ಸೂಜಿಯ ತುಣುಕು ನಿಧಾನ ಭಾಗದಿಂದ ಬಂದಿದ್ದರೆ ಸಂಖ್ಯೆ ಇಳಿಯುತ್ತದೆ. ಗಡಿಯಲ್ಲಿರುವ ಶೇ. 2.8 ಮತ್ತು 3.1ರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇನೂ ಇಲ್ಲ. ಅಲ್ಲದೆ ವರ್ಷಗಳು ಕಳೆದಂತೆ ಗಡ್ಡೆಯ ವೇಗ ಬದಲಾಗಬಹುದು, ಒಂದೇ ವ್ಯಕ್ತಿಯ ಕರುಳಿನಲ್ಲಿ ಒಂದು ಗ್ರೇಡ್, ಲಿವರಿನಲ್ಲಿ ಇನ್ನೊಂದು ಗ್ರೇಡ್ ಇರಬಹುದು. ಹಾಗಾಗಿ ನಿಧಾನವಾಗಿದ್ದ ಗಡ್ಡೆ ಸ್ಕ್ಯಾನಿನಲ್ಲಿ ದಿಢೀರನೆ ಬೆಳೆದಿದ್ದರೆ ಹಳೆಯ ರಿಪೋರ್ಟ್ ಇಟ್ಟುಕೊಂಡು ಮುಂದುವರಿಯದೆ ಮತ್ತೆ ಬಯಾಪ್ಸಿ ಕೇಳುತ್ತಾರೆ. ಸಂಖ್ಯೆ ಕಡಿಮೆ ಇದ್ದು ಕಾಯಿಲೆ ಮಾತ್ರ ವೇಗವಾಗಿ ಓಡುತ್ತಿದ್ದರೆ ಸ್ಲೈಡುಗಳನ್ನು ಇನ್ನೊಬ್ಬ ರೋಗಶಾಸ್ತ್ರಜ್ಞರಿಗೆ ತೋರಿಸುವುದು ಸರಿಯಾದ ದಾರಿ. ಸ್ಲೈಡ್ ಮತ್ತು ಬ್ಲಾಕುಗಳನ್ನು ಲ್ಯಾಬಿನಿಂದ ಕೇಳಿ ಪಡೆಯಬಹುದು.

ಟೀಚರಿಗೆ ಮುಂದೇನಾಯಿತು?

ಗ್ರೇಡ್ ತಿಳಿದ ಮೇಲೆ ಚಿಕಿತ್ಸೆಯ ದಾರಿ ಸ್ಪಷ್ಟವಾಯಿತು. ಇಂಥ ನಿಧಾನ ಗಡ್ಡೆಗಳ ಕೋಶದ ಮೇಲೆ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನ್ ಅಂಟಿಕೊಳ್ಳುವ ಕೊಂಡಿಗಳು ಹೆಚ್ಚಿರುತ್ತವೆ. ಈ ಹಾರ್ಮೋನ್ ಉಳಿದ ಹಾರ್ಮೋನುಗಳಿಗೆ ಬ್ರೇಕ್ ಇದ್ದ ಹಾಗೆ. ಮೊದಲು ಆ ಕೊಂಡಿಗೆ ಅಂಟುವ ಗ್ಯಾಲಿಯಮ್-68 ಡೋಟಾ ಪೆಟ್ ಸ್ಕ್ಯಾನ್ ಮಾಡಿದರು. ಮಾಮೂಲಿ ಸಿಟಿಯಲ್ಲಿ ಸಿಗದಿದ್ದ ಮೂಲ ಗಡ್ಡೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೊಳೆಯಿತು. ಸಕ್ಕರೆಯನ್ನು ಹುಡುಕುವ ಸಾಮಾನ್ಯ ಪೆಟ್ ಸ್ಕ್ಯಾನ್ ನಿಧಾನ ಗಡ್ಡೆಗಳಲ್ಲಿ ಎಷ್ಟೋ ಸಲ ಮಂಕಾಗಿರುತ್ತದೆ. ಅದು ಚೆನ್ನಾಗಿ ಹೊಳೆಯುವುದು ವೇಗದ ಗಡ್ಡೆಗಳಲ್ಲಿ. ಆದ್ದರಿಂದ ‘ಪೆಟ್ ಮಾಡಿಸಿದೆವು, ಏನೂ ಇಲ್ಲ ಎಂದರು’ ಎನ್ನುವಾಗ ಯಾವ ಪೆಟ್ ಎಂದು ಕೇಳಬೇಕು.

ಅವರಿಗೆ ನಾಲ್ಕು ವಾರಕ್ಕೊಮ್ಮೆ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಶುರುವಾಯಿತು. ಇದು ಅದೇ ಬ್ರೇಕ್ ಹಾರ್ಮೋನಿನ ಕೃತಕ ರೂಪ. ಕೆಲವು ವಾರಗಳಲ್ಲಿ ಮುಖ ಕೆಂಪಾಗುವುದು ಅಪರೂಪವಾಯಿತು, ಭೇದಿ ದಿನಕ್ಕೆ ಒಂದೆರಡಕ್ಕೆ ಇಳಿಯಿತು. ಈ ಔಷಧಿ ಲಕ್ಷಣ ತಗ್ಗಿಸುವುದಷ್ಟೇ ಅಲ್ಲ. 2009ರಲ್ಲಿ ಪ್ರಕಟವಾದ ಜರ್ಮನಿಯ ಪ್ರಾಮಿಡ್ ಅಧ್ಯಯನದಲ್ಲಿ ಗಡ್ಡೆ ಮತ್ತೆ ಬೆಳೆಯಲು ಹಿಡಿದ ಮಧ್ಯಾಂಕ ಸಮಯ ಔಷಧಿ ಪಡೆದವರಲ್ಲಿ 14.3 ತಿಂಗಳು, ಪಡೆಯದವರಲ್ಲಿ 6 ತಿಂಗಳು. ಪಿತ್ತಕೋಶದ ಕಲ್ಲು, ಎಣ್ಣೆಯಂತಹ ಮಲ, ಸಕ್ಕರೆಯ ಏರುಪೇರು ಇದರ ಅಡ್ಡಪರಿಣಾಮಗಳು.

ಗಡ್ಡೆ ಮುಂದೆ ಬೆಳೆದರೆ ಅದೇ ಕೊಂಡಿಗೆ ಲುಟೀಶಿಯಮ್-177 ಎಂಬ ವಿಕಿರಣ ಧಾತುವನ್ನು ಕಟ್ಟಿ ಕಳಿಸುವ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಎಂಟು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಕೊಡುತ್ತಾರೆ. ಈ ಧಾತುವನ್ನು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ತಯಾರಿಸುತ್ತಾರೆ. ಇದು ಎಲ್ಲರಿಗೂ ಆಗುವುದಿಲ್ಲ. ಡೋಟಾ ಸ್ಕ್ಯಾನಿನಲ್ಲಿ ಗಡ್ಡೆ ಹೊಳೆದಿದ್ದರೆ ಮಾತ್ರ ಔಷಧಿಗೆ ಅಂಟಿಕೊಳ್ಳಲು ಜಾಗ ಇದೆ ಎಂದರ್ಥ.

ಇನ್ನೊಂದು ಎಚ್ಚರಿಕೆಯನ್ನು ಅವರ ಫೈಲಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದರು. ಹಾರ್ಮೋನ್ ಬಿಡುವ ಇಂಥ ಗಡ್ಡೆ ಇರುವವರಿಗೆ ಅರಿವಳಿಕೆ ಕೊಡುವಾಗ ಹಾರ್ಮೋನ್ ಒಮ್ಮೆಲೇ ಉಕ್ಕಿ ರಕ್ತದೊತ್ತಡ ವಿಪರೀತ ಏರಿಳಿಯಬಹುದು. ಹಲ್ಲು ಕೀಳಿಸುವುದಾಗಲಿ, ಕಣ್ಣಿನ ಪೊರೆ ತೆಗೆಸುವುದಾಗಲಿ, ಯಾವ ಆಪರೇಷನ್ ಆದರೂ ಮೊದಲೇ ಡಾಕ್ಟರಿಗೆ ಈ ಕಾಯಿಲೆಯ ವಿಷಯ ಹೇಳಲೇಬೇಕು.

ಗ್ರೂಪಿನಲ್ಲಿ ಬರುವ ಮಾತುಗಳು: ಸರಿಯೇ, ತಪ್ಪೇ?

‘ನಾಲ್ಕನೇ ಹಂತ ಅಂದರೆ ಇನ್ನೇನೂ ಮಾಡಲಾಗದು.’ ತಪ್ಪು. ಗ್ರೇಡ್ 1, 2ರ ಗಡ್ಡೆ ಲಿವರಿಗೆ ಹರಡಿದ ಮೇಲೂ ಚಿಕಿತ್ಸೆಯೊಂದಿಗೆ ಅನೇಕರು ಹಲವು ವರ್ಷ ಬದುಕುತ್ತಾರೆ.

‘ಇದು ನಿಧಾನದ ಕಾಯಿಲೆ, ಪಥ್ಯ ಮಾಡಿ ನೋಡೋಣ, ಆಪರೇಷನ್ ಆಮೇಲೆ.’ ಅಪಾಯದ ಮಾತು. ಗ್ರೇಡ್ ತಿಳಿಯದೆ ನಿಧಾನ ಎಂದು ಹೇಳಲಾಗದು. ನಿಧಾನವಾಗಿದ್ದರೂ ಒಂದೇ ಕಡೆ ಇರುವಾಗ ತೆಗೆಸಿದರೆ ಪೂರ್ತಿ ಗುಣವಾಗುವ ಅವಕಾಶ ಇರುತ್ತದೆ, ಹರಡಿದ ಮೇಲೆ ಆ ಅವಕಾಶ ಕಡಿಮೆ. ಜಾಬ್ಸ್ ಅವರೂ ಒಂಬತ್ತು ತಿಂಗಳು ಆಹಾರ ಪದ್ಧತಿ ಮುಂತಾದವನ್ನು ಪ್ರಯತ್ನಿಸಿ ಆಪರೇಷನ್ ಮುಂದೂಡಿದ್ದರು. ಬೇಗ ಮಾಡಿಸಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಕಾಯುವುದರಿಂದ ಲಾಭವಾಯಿತು ಎಂದು ಹೇಳಲೂ ಆಧಾರವಿಲ್ಲ. ಕೆಲವು ಸಣ್ಣ ಗ್ರೇಡ್ 1 ಗಡ್ಡೆಗಳನ್ನು ಡಾಕ್ಟರೇ ಸ್ಕ್ಯಾನ್ ಮಾಡುತ್ತಾ ಕಾದು ನೋಡುವುದುಂಟು. ಅದು ಎಣಿಕೆ ನೋಡಿ ಮಾಡುವ ನಿರ್ಧಾರ.

‘ಮುಖ ಕೆಂಪಾದರೆ ಕ್ಯಾನ್ಸರ್.’ ತಪ್ಪು. ಮುಟ್ಟು ನಿಲ್ಲುವುದು, ಕೆಲವು ಬಿಪಿ ಮಾತ್ರೆಗಳು, ಖಾರ, ಮದ್ಯ, ಚರ್ಮದ ತೊಂದರೆ, ಇವೇ ಬಹಳ ಸಾಮಾನ್ಯ ಕಾರಣಗಳು. ಈ ಗಡ್ಡೆ ಅಪರೂಪ. ಒಣ ಕೆಂಪಿನ ಜೊತೆಗೆ ನಿಲ್ಲದ ಭೇದಿ, ಉಬ್ಬಸ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ಮಾತ್ರ ಈ ದಿಕ್ಕಿನಲ್ಲಿ ಪರೀಕ್ಷೆ ಬೇಕು.

ನಿಮ್ಮ ಮನೆಯವರಿಗೋ ಸ್ನೇಹಿತರಿಗೋ ಈ ಕಾಯಿಲೆ ಪತ್ತೆಯಾಗಿದ್ದರೆ ಮುಂದಿನ ಭೇಟಿಯಲ್ಲಿ ಮೂರು ಪ್ರಶ್ನೆ ಕೇಳಿ: ಮೂಲ ಗಡ್ಡೆ ಯಾವ ಅಂಗದಲ್ಲಿದೆ? ಕೋಶಗಳ ರೂಪ ಉಳಿದಿದೆಯೇ ಅಥವಾ ಕಾರ್ಸಿನೋಮವೇ? ಕೆಐ-67 ಶೇಕಡಾ ಎಷ್ಟು, ಎಷ್ಟು ಕೋಶ ಎಣಿಸಿ ಹೇಳಿದ್ದು? ಈ ಮೂರಕ್ಕೂ ಉತ್ತರ ಸಿಗುವವರೆಗೆ ‘ಎಷ್ಟು ದಿನ?’ ಎಂಬ ಪ್ರಶ್ನೆಗೆ ಗ್ರೂಪಿನಲ್ಲಿ ಯಾರು ಉತ್ತರ ಕೊಟ್ಟರೂ ಅದು ಊಹೆಯೇ.